ಸ್ಪೀಡ್ ಟೆಸ್ಟಲ್ಲಿ 38, ಪರೀಕ್ಷೆಯಲ್ಲಿ ಹ್ಯಾಂಗ್: ಆನ್‌ಲೈನ್ ಪರೀಕ್ಷೆಗೆ ಮೊದಲು ಮನೆಯ ನೆಟ್ ಸರಿಮಾಡಿಕೊಳ್ಳುವುದು ಹೇಗೆ

ಪರೀಕ್ಷೆ ಹತ್ತಿರ ಬಂತೆಂದರೆ ಈ ಪ್ರಶ್ನೆ ತಪ್ಪದೆ ಬರುತ್ತದೆ. "ನಮ್ಮನೆ ನೆಟ್ ಸ್ಪೀಡ್ ಚೆನ್ನಾಗೇ ಇದೆ. ಆದರೆ ಕ್ಯಾಮೆರಾ ಆನ್ ಮಾಡಿ ಪರೀಕ್ಷೆಗೆ ಕೂತರೆ ಪುಟ ಮುಂದಕ್ಕೇ ಹೋಗಲ್ಲ. ಏನು ಮಾಡೋದು?" ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳಿ ಸಾಕಾಗಿದೆ, ಹಾಗಾಗಿ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಉದಾಹರಣೆಗೆ ನನ್ನ ಅಕ್ಕನ ಮಗಳ ಮನೆಯ ಕಥೆಯನ್ನೇ ತೆಗೆದುಕೊಳ್ಳುತ್ತೇನೆ. ಅವರದು ಸಣ್ಣ ಊರು. ನೆಟ್ ಕೊಡುವವರು ಒಬ್ಬರೇ, ದೂರು ಕೊಟ್ಟರೆ ಆಳು ಬರುವುದಕ್ಕೆ ಎರಡು ಮೂರು ದಿನ ಬೇಕು. ಭಾನುವಾರ ಸಂಜೆ ಆರೂವರೆಗೆ ಎರಡು ಗಂಟೆಯ ಪರೀಕ್ಷೆ, ಕ್ಯಾಮೆರಾ ಮುಂದೆ ಕೂತು ಬರೆಯಬೇಕಾದದ್ದು. ಬುಧವಾರ ಸಂಜೆ ಅಣಕು ಪರೀಕ್ಷೆಯಲ್ಲಿ ಮೂರು ಸಲ ಸಂಪರ್ಕ ಕಡಿದುಹೋಯಿತು. ರಾತ್ರಿ ಫೋನ್ ಮಾಡಿ, "ಮಾಮ, ಸ್ಪೀಡ್ ಮೂವತ್ತೆಂಟು ಬರ್ತಿದೆ, ಪ್ಲಾನ್ ಇರೋದು ನಲವತ್ತರದ್ದು. ಮತ್ತೆ ಯಾಕೆ ಹಿಂಗಾಗುತ್ತೆ?" ಅಂದಳು. ಮುಂದಿನ ಮೂರು ದಿನದಲ್ಲಿ ಅವಳೇ ಕೂತು ಸರಿಮಾಡಿದಳು. ನಾನು ಫೋನಿನಲ್ಲಿ ಹೇಳಿದ್ದಷ್ಟೇ.

ಮೊದಲೇ ಒಂದು ಮಾತು. ಪರೀಕ್ಷೆಗೆ ಬೇಕಾದ ಸ್ಪೀಡ್ ತೀರಾ ಕಮ್ಮಿ. ಪ್ರಶ್ನೆಯ ಪುಟ ಚಿಕ್ಕದು, ಕ್ಯಾಮೆರಾದ ವಿಡಿಯೊ ಕಳಿಸುವುದಕ್ಕೆ ಸಾಮಾನ್ಯವಾಗಿ ಒಂದು ಎಂಬಿಪಿಎಸ್, ಅಂದರೆ ಸೆಕೆಂಡಿಗೆ ಒಂದು ಮೆಗಾಬಿಟ್, ಆಸುಪಾಸು ಸಾಕು. ನಿಜವಾಗಿ ಬೇಕಾದದ್ದು ನೀವು ಕ್ಲಿಕ್ ಮಾಡಿದ್ದು ಆ ಕಡೆ ಬೇಗ ತಲುಪುವುದು, ಪ್ರತಿ ಸಲವೂ ಅಷ್ಟೇ ಬೇಗ ತಲುಪುವುದು. ಈ ಹೋಗಿಬರುವ ಹೊತ್ತಿಗೆ ಲೇಟೆನ್ಸಿ ಎನ್ನುತ್ತಾರೆ, ನಾವು ಸುಮ್ನೆ ತಡ ಅನ್ನೋಣ. ಸ್ಪೀಡ್ ಟೆಸ್ಟಿನ ದೊಡ್ಡ ಅಂಕಿ ಈ ತಡವನ್ನು ತೋರಿಸುವುದಿಲ್ಲ.

ಬೇಕಾಗುವ ಸಾಮಾನು

ಪರೀಕ್ಷೆ ಬರೆಯುವ ಅದೇ ಲ್ಯಾಪ್‌ಟಾಪ್. ರೂಟರಿನಿಂದ ಓದುವ ಕೋಣೆಯವರೆಗೆ ಮುಟ್ಟುವ ನೆಟ್‌ವರ್ಕ್ ಕೇಬಲ್, ಅಂದರೆ ಲ್ಯಾಂಡ್‌ಲೈನ್ ಫೋನಿನ ಪಿನ್ನಿಗಿಂತ ಸ್ವಲ್ಪ ಅಗಲದ ಪ್ಲಾಸ್ಟಿಕ್ ಪಿನ್ ಇರುವ ವೈರು. ಅಳೆದ ಅಂಕಿ, ದಿನ, ಗಂಟೆ ಬರೆದಿಡಲು ಒಂದು ಹಾಳೆ, ಪೆನ್ನು. ಮೊಬೈಲ್ ಡೇಟಾ ಇರುವ ಒಂದು ಫೋನು, ಅದರ ಯುಎಸ್‌ಬಿ ವೈರು. ಜೊತೆಗೆ ಮೂರು ದಿನದ ಸಮಯ. ಹಿಂದಿನ ರಾತ್ರಿ ಶುರು ಮಾಡಬೇಡಿ. ಏನಾದರೂ ಎಡವಟ್ಟಾದರೆ ಸರಿಪಡಿಸಲು ಹೊತ್ತು ಉಳಿಯುವುದಿಲ್ಲ.

ಹಂತ 1: ತಡ ಎಲ್ಲಿ ಆಗುತ್ತಿದೆ ಎಂದು ಅಳೆಯಿರಿ

ನಿಮ್ಮ ಕ್ಲಿಕ್ಕು ಎರಡು ದಾರಿ ದಾಟಬೇಕು. ಒಂದು, ಲ್ಯಾಪ್‌ಟಾಪಿನಿಂದ ಮನೆಯ ರೂಟರಿನವರೆಗೆ. ಇನ್ನೊಂದು, ರೂಟರಿನಿಂದ ಹೊರಗಿನ ಇಂಟರ್ನೆಟ್‌ವರೆಗೆ. ತೊಂದರೆ ಯಾವ ದಾರಿಯಲ್ಲಿದೆ ಎಂದು ಗೊತ್ತಾಗದೆ ಏನು ರಿಪೇರಿ ಮಾಡಿದರೂ ಅದು ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ.

ವಿಂಡೋಸ್‌ನಲ್ಲಿ ಸ್ಟಾರ್ಟ್ ಮೆನುವಿನಲ್ಲಿ `cmd` ಎಂದು ಟೈಪ್ ಮಾಡಿ ಕಪ್ಪು ಕಿಟಕಿ ತೆರೆಯಿರಿ. ಮೊದಲು ರೂಟರಿನ ವಿಳಾಸ ಬೇಕು.

```
ipconfig
```

ಬರುವ ಪಟ್ಟಿಯಲ್ಲಿ `Default Gateway` ಎಂಬ ಸಾಲು ಹುಡುಕಿ. ಅದರ ಮುಂದಿರುವುದೇ ರೂಟರಿನ ವಿಳಾಸ, ಹೆಚ್ಚಿನ ಮನೆಗಳಲ್ಲಿ `192.168.1.1` ಅಥವಾ `192.168.0.1`. ಈಗ ಎರಡು ಪಿಂಗ್ ಮಾಡಿ. ಪಿಂಗ್ ಅಂದರೆ ಒಂದು ಚಿಕ್ಕ ಚೀಟಿ ಕಳಿಸಿ ಉತ್ತರ ಎಷ್ಟು ಹೊತ್ತಿಗೆ ಬಂತು ಎಂದು ನೋಡುವುದು.

```
ping -n 50 192.168.1.1
ping -n 50 1.1.1.1
```

ಮೊದಲನೆಯದು ರೂಟರಿಗೆ (ನಿಮ್ಮ ವಿಳಾಸ ಬೇರೆ ಇದ್ದರೆ ಅದನ್ನೇ ಹಾಕಿ), ಎರಡನೆಯದು ಹೊರಗಿನ ಇಂಟರ್ನೆಟ್ಟಿಗೆ. ಒಂದೊಂದಕ್ಕೂ ಸುಮಾರು 50 ಸೆಕೆಂಡು ಹಿಡಿಯುತ್ತದೆ. ಮ್ಯಾಕ್ ಅಥವಾ ಲಿನಕ್ಸ್ ಇದ್ದರೆ `-n` ಬದಲು `-c` ಬರೆಯಿರಿ.

ಇದನ್ನು ನಿಮ್ಮ ಪರೀಕ್ಷೆಯ ಹೊತ್ತಿಗೇ ಮಾಡಬೇಕು. ಪರೀಕ್ಷೆ ಸಂಜೆ ಇದ್ದರೆ ಸಂಜೆ, ಬೆಳಿಗ್ಗೆ ಇದ್ದರೆ ಬೆಳಿಗ್ಗೆ. ಮಧ್ಯಾಹ್ನ ಎರಡು ಗಂಟೆಗೆ ಮನೆಯಲ್ಲಿ ಯಾರೂ ಇಲ್ಲದಾಗ ಅಳೆದು "ಎಲ್ಲ ಸರಿ ಇದೆ" ಅಂದುಕೊಂಡವರು ತುಂಬಾ ಜನ. ನಮ್ಮ ಹುಡುಗಿಯೂ ಮೊದಲು ಹಾಗೇ ಮಾಡಿದಳು.

ಗುರುವಾರ ಸಂಜೆ ಏಳಕ್ಕೆ ಹಿಂದಿನ ಕೋಣೆಯಲ್ಲಿ ವೈಫೈ ಮೇಲೆ ಕೂತು ರೂಟರಿಗೆ ಪಿಂಗ್ ಮಾಡಿದಾಗ ಅವಳಿಗೆ ಬಂದದ್ದು ಇದು:

```
Packets: Sent = 50, Received = 47, Lost = 3 (6% loss),
Minimum = 2ms, Maximum = 341ms, Average = 38ms
```

ಇಲ್ಲಿ `Average` ನೋಡಿ ಸಮಾಧಾನ ಪಡಬೇಡಿ. 38 ಮಿಲಿಸೆಕೆಂಡ್ ಅಂದರೆ ಪರವಾಗಿಲ್ಲ ಅನ್ನಿಸುತ್ತದೆ. ಆದರೆ ರೂಟರ್ ಇರುವುದು ಎರಡು ಗೋಡೆ ಆಚೆ, ಅದೇ ಮನೆಯೊಳಗೆ! ಅಲ್ಲಿಗೆ ಹೋಗಿಬರಲು ಒಂದು ಸಲ 2, ಇನ್ನೊಂದು ಸಲ 341 ಮಿಲಿಸೆಕೆಂಡ್ ಬೇಕಾಗಿದೆ, ಐವತ್ತರಲ್ಲಿ ಮೂರು ಚೀಟಿ ದಾರಿಯಲ್ಲೇ ಕಳೆದುಹೋಗಿವೆ. ಮನೆಯೊಳಗಿನ ದಾರಿಯಲ್ಲಿ ಒಂದೂ ಕಳೆಯಬಾರದು. ಹೊರಗಿನ `1.1.1.1`ಕ್ಕೆ ಬಂದ ಅಂಕಿಗಳಂತೂ ಇನ್ನೂ ಕೆಟ್ಟದಾಗಿದ್ದವು, ಸಾವಿರದ ಹತ್ತಿರ ಹೋಗಿತ್ತು. ಆದರೆ ಮೊದಲ ದಾರಿಯೇ ಹಾಳಾಗಿರುವಾಗ ಎರಡನೆಯದರ ಅಂಕಿಯನ್ನು ನಂಬುವ ಹಾಗಿಲ್ಲ. ಅದಕ್ಕೂ ಈ ವೈಫೈಯನ್ನೇ ದಾಟಿ ಹೋಗಬೇಕಲ್ಲ. ಅದಕ್ಕೇ ಮೊದಲು ಮನೆಯೊಳಗಿನದು ಸರಿ ಮಾಡೋದು.

ಹಂತ 2: ವೈರ್ ಹಾಕಿ

ಕೇಳಿದವರಿಗೆಲ್ಲ ನಾನು ಮೊದಲು ಹೇಳುವುದು ಇದನ್ನೇ, ಕೇಳಿದವರಲ್ಲಿ ಅರ್ಧ ಜನ ಮಾಡುವುದಿಲ್ಲ. ರೂಟರಿನ ಹಿಂದೆ ಲ್ಯಾನ್ ಎಂದು ಬರೆದಿರುವ ಯಾವುದಾದರೂ ತೂತಿಗೆ ಕೇಬಲ್ ಹಾಕಿ, ಇನ್ನೊಂದು ತುದಿಯನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ. ಕೇಬಲ್ ಉದ್ದ ಜಾಸ್ತಿಯಾದರೆ ಸ್ಪೀಡ್ ಹೋಗುತ್ತದೆ ಎಂಬ ಭಯ ಬೇಡ, ನೂರು ಮೀಟರಿನವರೆಗೂ ನಡೆಯುತ್ತದೆ. ಒಂದು ಸಂಜೆಯ ಮಟ್ಟಿಗೆ ನೆಲದ ಮೇಲೆ ಹಾಸಿದರೂ ಸಾಕು, ಯಾರೂ ಎಡವಿ ಬೀಳದ ಹಾಗೆ ಗೋಡೆ ಬದಿಗೆ ಸರಿಸಿ.

ಕೇಬಲ್ ಹಾಕಿದ ಮೇಲೆ ಲ್ಯಾಪ್‌ಟಾಪಿನ ವೈಫೈ ಆಫ್ ಮಾಡಿ. ಸಾಮಾನ್ಯವಾಗಿ ಕಂಪ್ಯೂಟರ್ ವೈರನ್ನೇ ಆರಿಸಿಕೊಳ್ಳುತ್ತದೆ. ಆದರೂ ಪಿನ್ ಸ್ವಲ್ಪ ಸಡಿಲವಾಗಿ, ವೈರು ಕೆಲಸ ಮಾಡದೆ, ನೀವು ಗೊತ್ತಿಲ್ಲದೆ ವೈಫೈ ಮೇಲೇ ಇರುವ ಸಾಧ್ಯತೆ ಉಂಟು. ಆಫ್ ಮಾಡಿದರೆ ಆ ಅನುಮಾನ ಇರುವುದಿಲ್ಲ.

ಹಳೇ ಕೇಬಲ್ ಆಗಿದ್ದರೆ ಒಳಗಿನ ಎಂಟು ಎಳೆಗಳಲ್ಲಿ ಒಂದೆರಡು ತುಂಡಾಗಿರಬಹುದು. ಆಗ ಸಾವಿರ ಎಂಬಿಪಿಎಸ್‌ನಲ್ಲಿ ಜೋಡಣೆಯಾಗಬೇಕಾದದ್ದು ನೂರಕ್ಕೆ ಇಳಿಯುತ್ತದೆ. ಪರೀಕ್ಷೆಗೆ ನೂರು ಬೇಕಾದಷ್ಟಾಯಿತು, ತಲೆಕೆಡಿಸಿಕೊಳ್ಳಬೇಡಿ. ಆದರೆ ಹತ್ತಕ್ಕೆ ಇಳಿದಿದ್ದರೆ ಅಥವಾ ಸಂಪರ್ಕ ಬಂದು ಬಂದು ಹೋಗುತ್ತಿದ್ದರೆ ಆ ಕೇಬಲ್ ಎಸೆಯಿರಿ. ತೆಳ್ಳಗಿನ ಲ್ಯಾಪ್‌ಟಾಪುಗಳಲ್ಲಿ ಕೇಬಲ್ ಹಾಕುವ ಜಾಗವೇ ಇರುವುದಿಲ್ಲ, ಅದಕ್ಕೆ ಯುಎಸ್‌ಬಿ ಅಡಾಪ್ಟರ್ ಸಿಗುತ್ತದೆ. ಅದನ್ನು ಎರಡು ದಿನ ಮೊದಲೇ ಹಾಕಿ ನೋಡಿ, ಕೆಲವಕ್ಕೆ ಡ್ರೈವರ್ ಎಂಬ ಚಿಕ್ಕ ತಂತ್ರಾಂಶ ಬೇಕಾಗುತ್ತದೆ.

ನಮ್ಮ ಹುಡುಗಿ ವೈರ್ ಹಾಕಿ ಮತ್ತೆ ರೂಟರಿಗೆ ಪಿಂಗ್ ಮಾಡಿದಳು. ಐವತ್ತಕ್ಕೆ ಐವತ್ತೂ ಬಂತು, ಎಲ್ಲದರಲ್ಲೂ `time<1ms`. ಮೊದಲ ದಾರಿ ಅಲ್ಲಿಗೆ ಮುಗಿಯಿತು.

ವೈರ್ ಹಾಕಲು ಸಾಧ್ಯವೇ ಇಲ್ಲ ಅನ್ನುವವರಿಗೆ ಮಾತ್ರ ಈ ಮುಂದಿನದು. ಲ್ಯಾಪ್‌ಟಾಪನ್ನೇ ರೂಟರ್ ಇರುವ ಕೋಣೆಗೆ ಒಯ್ಯಿರಿ, ಅದು ಎಲ್ಲಕ್ಕಿಂತ ಸುಲಭ. ಹತ್ತಿರ ಕೂತ ಮೇಲೆ 5 ಗಿಗಾಹರ್ಟ್ಸ್ ವೈಫೈಗೆ ಸೇರಿಕೊಳ್ಳಿ. ಅದು ಗೋಡೆ ದಾಟಿ ಹೋಗುವುದರಲ್ಲಿ ಸೋಲುತ್ತದೆ, ಆದರೆ ಹತ್ತಿರದಲ್ಲಿ ಗಲಾಟೆ ಕಮ್ಮಿ. ದೂರವೇ ಕೂರಬೇಕೆಂದರೆ 2.4 ಗಿಗಾಹರ್ಟ್ಸ್ ಗತಿ, ಅಲ್ಲಿ ಅಕ್ಕಪಕ್ಕದ ಮನೆಗಳ ವೈಫೈಗಳೆಲ್ಲ ಒಂದೇ ಜಾಗದಲ್ಲಿ ಕೂಗಾಡುತ್ತಿರುತ್ತವೆ. ಯಾರು ಯಾವ ಚಾನಲ್‌ನಲ್ಲಿದ್ದಾರೆ ಎಂದು ಈ ಆಜ್ಞೆ ತೋರಿಸುತ್ತದೆ:

```
netsh wlan show networks mode=bssid
```

1, 6, 11 ಈ ಮೂರು ಚಾನಲ್‌ಗಳು ಒಂದರ ಮೇಲೊಂದು ಬೀಳುವುದಿಲ್ಲ. ಇವುಗಳಲ್ಲಿ ಕಮ್ಮಿ ಜನ ಇರುವುದನ್ನು ರೂಟರಿನಲ್ಲಿ ಆರಿಸಿ, ರೂಟರಿನ ಒಳಗೆ ಹೋಗುವುದು ಹೇಗೆ ಎಂದು ಹಂತ 4ರಲ್ಲಿದೆ. ಖಾಲಿ ಇದೆ ಎಂದು 3 ಅಥವಾ 8 ಆರಿಸಬೇಡಿ, ಅದು ಎರಡೂ ಕಡೆಯವರ ಗಲಾಟೆ ಕೇಳಿಸಿಕೊಳ್ಳುತ್ತದೆ. ಮೈಕ್ರೋವೇವ್ ಒಲೆ ಕೂಡ ಇದೇ 2.4 ಗಿಗಾಹರ್ಟ್ಸ್‌ನಲ್ಲಿ ಸದ್ದು ಮಾಡುತ್ತದೆ, ಪರೀಕ್ಷೆ ಹೊತ್ತಿಗೆ ಅದಕ್ಕೆ ರಜಾ. ವೈಫೈ ರಿಪೀಟರ್ ತಂದು ಹಾಕುವ ಯೋಚನೆ ಇದ್ದರೆ, ಒಂದೇ ರೇಡಿಯೊ ಇರುವ ರಿಪೀಟರ್ ಪ್ರತಿ ಚೀಟಿಯನ್ನೂ ಕೇಳಿಸಿಕೊಂಡು ಮತ್ತೆ ಅದೇ ಗಾಳಿಯಲ್ಲಿ ಕೂಗುತ್ತದೆ. ಸಿಗ್ನಲ್ ಕಡ್ಡಿ ತುಂಬಿದ ಹಾಗೆ ಕಾಣುತ್ತದೆ, ತಡ ಮಾತ್ರ ಜಾಸ್ತಿಯಾಗುತ್ತದೆ.

ಹಂತ 3: ಅಪ್‌ಲೋಡ್ ತುಂಬಿಸುತ್ತಿರುವವರು ಯಾರು, ಹಿಡಿಯಿರಿ

ನಿಜವಾದ ಕಳ್ಳ ಇರುವುದು ಇಲ್ಲಿ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ವೈರ್ ಹಾಕಿದ ಮೇಲೂ ಸಂಜೆ ಏಳಕ್ಕೆ `1.1.1.1`ಕ್ಕೆ ಅವಳ ಪಿಂಗ್ 900 ಮಿಲಿಸೆಕೆಂಡ್ ಬರುತ್ತಿತ್ತು. ಬೆಳಿಗ್ಗೆ ಅದೇ ವೈರಿನಲ್ಲಿ 24. ಲೈನ್ ಒಂದೇ, ರೂಟರ್ ಒಂದೇ, ತಡ ಮಾತ್ರ ಮೂವತ್ತೇಳು ಪಟ್ಟು!

ಅವರ ಕನೆಕ್ಷನ್‌ನಲ್ಲಿ ಡೌನ್‌ಲೋಡ್ 38 ಇದ್ದರೂ ಅಪ್‌ಲೋಡ್ ಇದ್ದದ್ದು 4.2 ಎಂಬಿಪಿಎಸ್. ಬರುವ ದಾರಿ ಅಗಲ, ಹೋಗುವ ದಾರಿ ಕಿರಿದು. ಮನೆಯ ಯಾವುದೋ ಒಂದು ಸಾಧನ ಆ ಕಿರಿದಾದ ದಾರಿಗೆ ಹಿಡಿಸುವುದಕ್ಕಿಂತ ಜಾಸ್ತಿ ತುರುಕಿದರೆ, ರೂಟರ್ ಅಥವಾ ಹೊರಗಿನ ಲೈನ್ ಬಂದು ಸೇರುವ ಮೋಡೆಮ್ ಅದನ್ನು ಕೂಡಲೇ ಬಿಸಾಡುವುದಿಲ್ಲ. ತನ್ನ ಮೆಮೊರಿಯಲ್ಲಿ ಸಾಲಾಗಿ ನಿಲ್ಲಿಸಿಕೊಳ್ಳುತ್ತದೆ. ಆಮೇಲೆ ಬಂದ ನಿಮ್ಮ ಕ್ಲಿಕ್ಕು ಆ ಸಾಲಿನ ಕೊನೆಯಲ್ಲಿ ನಿಲ್ಲಬೇಕು. ಹಾಗೆ ನಿಂತದ್ದು ಎಷ್ಟು ಎಂದು ಲೆಕ್ಕ ಹಾಕಬಹುದು. 4.2 ಎಂಬಿಪಿಎಸ್ ದಾರಿಯಲ್ಲಿ 0.9 ಸೆಕೆಂಡು ಕಾಯಬೇಕಾಯಿತು ಅಂದರೆ ಮುಂದೆ 3.78 ಮೆಗಾಬಿಟ್ ನಿಂತಿತ್ತು. ಎಂಟು ಬಿಟ್ ಸೇರಿದರೆ ಒಂದು ಬೈಟ್, ಹಾಗಾಗಿ ಎಂಟರಿಂದ ಭಾಗಿಸಿದರೆ ಸುಮಾರು 470 ಕೆಬಿ. ಒಂದು ಚಿಕ್ಕ ಫೋಟೊದಷ್ಟೂ ಇಲ್ಲ! ಅಷ್ಟು ಸಾಲು ನಿಂತರೆ ಪರೀಕ್ಷೆ ಕೆಡಲು ಸಾಕು.

ಈ ಕಾಯಿಲೆಗೆ ಬಫರ್‌ಬ್ಲೋಟ್ ಎಂದು ಹೆಸರು, ಬಫರ್ ಅಂದರೆ ಆ ಕಾಯುವ ಜಾಗ, ಅದು ಉಬ್ಬಿಕೊಂಡಿದೆ ಎಂದು ಅರ್ಥ. ಜಿಮ್ ಗೆಟಿಸ್ ಎಂಬ ಎಂಜಿನಿಯರ್ 2010ರ ಸುಮಾರಿಗೆ ತನ್ನ ಮನೆಯ ನೆಟ್ಟಿನಲ್ಲೇ ಇದನ್ನು ಹಿಡಿದು ಹೆಸರಿಟ್ಟು ಎಲ್ಲರ ಗಮನಕ್ಕೆ ತಂದರು.

"ಅಪ್‌ಲೋಡ್ ತುಂಬಿದರೆ ಪುಟ ಯಾಕೆ ಬರಲ್ಲ, ಪುಟ ಬರುವುದು ಡೌನ್‌ಲೋಡಿನಲ್ಲಿ ಅಲ್ವಾ?" ಎಂದು ಅವಳೂ ಕೇಳಿದಳು. ಪುಟ ಕೊಡಿ ಎಂಬ ಕೋರಿಕೆ ಹೋಗುವುದು ಅಪ್‌ಲೋಡಿನಲ್ಲಿ. ಬಂದದ್ದು ತಲುಪಿತು ಎಂಬ ರಶೀದಿ ಹೋಗುವುದೂ ಅಲ್ಲೇ. ಉತ್ತರ ಸೇವ್ ಆಗುವುದು, ಕ್ಯಾಮೆರಾದ ವಿಡಿಯೊ ಹೋಗುವುದು ಎಲ್ಲ ಆ ಕಿರಿದಾದ ದಾರಿಯಲ್ಲೇ. ಅಲ್ಲಿ ಸಾಲು ನಿಂತರೆ ಎರಡೂ ಕಡೆ ನಿಂತ ಹಾಗೆ.

ಹಿಡಿಯುವ ವಿಧಾನ ಸುಲಭ. ವೈರ್ ಹಾಕಿದ ಲ್ಯಾಪ್‌ಟಾಪಿನಲ್ಲಿ ನಿಲ್ಲದೆ ಓಡುವ ಪಿಂಗ್ ಹಚ್ಚಿ:

```
ping -t 1.1.1.1
```

ಅಂಕಿಗಳು ಜಾಸ್ತಿ ಇರುವಾಗಲೇ ಮನೆಯ ಸಾಧನಗಳನ್ನು ಒಂದೊಂದಾಗಿ ವೈಫೈನಿಂದ ತೆಗೆಯಿರಿ. ಒಂದು ತೆಗೆದು ಹತ್ತು ಸೆಕೆಂಡು ಕಾಯಿರಿ, ಅಂಕಿ ನೋಡಿ, ಆಮೇಲೆ ಇನ್ನೊಂದು. ಎಲ್ಲವನ್ನೂ ಒಟ್ಟಿಗೆ ತೆಗೆದರೆ ಕಳ್ಳ ಯಾರೆಂದು ಗೊತ್ತಾಗುವುದೇ ಇಲ್ಲ. ನಿಲ್ಲಿಸಲು `Ctrl+C`. ಮ್ಯಾಕ್ ಅಥವಾ ಲಿನಕ್ಸ್ ಇದ್ದರೆ `-t` ಬಿಟ್ಟು ಬರೆಯಿರಿ.

ಟಿವಿ ತೆಗೆದಳು, ಏನೂ ಬದಲಾಗಲಿಲ್ಲ. ಟಿವಿ ತರಿಸಿಕೊಳ್ಳುವುದೇ ಜಾಸ್ತಿ, ಕಳಿಸುವುದು ತೀರಾ ಕಮ್ಮಿ. ತಮ್ಮನ ಆಟ ನಿಲ್ಲಿಸಿದಳು, ಅದಕ್ಕೆ ಒಂದು ಜಗಳವೂ ಆಯಿತು, ಆದರೂ ಅಂಕಿ ಕದಲಲಿಲ್ಲ. (ಪಾಪ, ಆನ್‌ಲೈನ್ ಆಟ ಬಳಸುವ ಡೇಟಾ ಸಣ್ಣದು. ಆಟವನ್ನು ಡೌನ್‌ಲೋಡ್ ಮಾಡುವುದು ದೊಡ್ಡದು.) ಆಮೇಲೆ ಅಪ್ಪನ ಫೋನು. ಚಾರ್ಜಿಗೆ ಹಾಕಿ ಮೂಲೆಯಲ್ಲಿಟ್ಟಿದ್ದ, ಯಾರೂ ಮುಟ್ಟದ ಫೋನು. ಅದರ ವೈಫೈ ಆಫ್ ಮಾಡಿದ ಕೂಡಲೇ 912, 880, 431, 27, 24, 25.

ಭಾವನ ಫೋನಿನಲ್ಲಿ ಫೋಟೊ ಬ್ಯಾಕಪ್ ಆನ್ ಇತ್ತು. ಒಂದು ಸಮಾರಂಭದ ವಿಡಿಯೊಗಳು, 14 ಜಿಬಿ, ಮೇಲಕ್ಕೆ ಹೋಗಲು ಕಾಯುತ್ತಿದ್ದವು. ಚಾರ್ಜಿಗೆ ಹಾಕಿ ವೈಫೈ ಸಿಕ್ಕಿದಾಗ ಮಾತ್ರ ಕಳಿಸು ಎಂಬ ಸೆಟ್ಟಿಂಗ್. ಅವರು ಕೆಲಸದಿಂದ ಬಂದು ಫೋನ್ ಚಾರ್ಜಿಗೆ ಹಾಕುವುದು ಸಂಜೆ ಆರೂವರೆ ಏಳಕ್ಕೆ. 4 ಎಂಬಿಪಿಎಸ್ ಪೂರ್ತಿ ಸಿಕ್ಕರೂ 14 ಜಿಬಿ ಹೋಗಲು ಸುಮಾರು ಎಂಟು ಗಂಟೆ ಬೇಕು. ದಿನಾ ಒಂದೆರಡು ಗಂಟೆ ಓಡಿ, ಮಲಗುವಾಗ ರೂಟರ್ ಆಫ್ ಮಾಡಿದ ಕೂಡಲೇ ನಿಂತು, ಮರುದಿನ ಸಂಜೆ ಮತ್ತೆ ಶುರು. ಮನೆಯಲ್ಲಿ "ಸಂಜೆ ಹೊತ್ತು ನೆಟ್ ಸ್ಲೋ, ಊರವರೆಲ್ಲ ಬಳಸ್ತಾರಲ್ಲ" ಎಂದು ಒಪ್ಪಿಕೊಂಡುಬಿಟ್ಟಿದ್ದರು.

ನಿಮ್ಮ ಮನೆಯಲ್ಲಿ ಅದು ಫೋಟೊ ಬ್ಯಾಕಪ್ ಆಗಿರಲೇಬೇಕೆಂದಿಲ್ಲ. ಹೊರಗಿನಿಂದ ನೋಡಬಹುದಾದ ವೈಫೈ ಕ್ಯಾಮೆರಾ ಇದ್ದರೆ ಅದು ದಿನವಿಡೀ ವಿಡಿಯೊ ಕಳಿಸುತ್ತಿರಬಹುದು. ನಿಮ್ಮ ಲ್ಯಾಪ್‌ಟಾಪಿನಲ್ಲೇ ಇರುವ ಕ್ಲೌಡ್ ಫೋಲ್ಡರ್ ಕೂಡ ಇರಬಹುದು. ಎಲ್ಲ ಸಾಧನ ತೆಗೆದ ಮೇಲೂ ಅಂಕಿ ಇಳಿಯದಿದ್ದರೆ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದು `Network` ಕಾಲಂ ಒಮ್ಮೆ ನೋಡಿ.

ರೂಟರ್ ರೀಸ್ಟಾರ್ಟ್ ಮಾಡಿದರೆ ಸರಿಯಾಗುತ್ತದೆ ಎಂದು ನಂಬಿಕೊಂಡವರಿಗೆ ಒಂದು ಮಾತು. ಹೌದು, ಸರಿಯಾದ ಹಾಗೆ ಕಾಣುತ್ತದೆ. ಆಫ್ ಮಾಡಿದಾಗ ಆ ಸಾಲು ಖಾಲಿಯಾಗುತ್ತದೆ, ಬ್ಯಾಕಪ್ ತಪ್ಪಿಹೋಗುತ್ತದೆ. ಫೋನು ಮತ್ತೆ ವೈಫೈ ಹಿಡಿದು ಬ್ಯಾಕಪ್ ಶುರು ಮಾಡಲು ಕೆಲವು ನಿಮಿಷ ಬೇಕು. ಆ ಕೆಲವು ನಿಮಿಷ ಎಲ್ಲ ಚಂದ. ಪರೀಕ್ಷೆ ಶುರುವಾಗಿ ಹತ್ತು ನಿಮಿಷಕ್ಕೆ ಮತ್ತೆ ಅದೇ ಹಾಡು.

ಇನ್ನೊಂದು, ರೀಸ್ಟಾರ್ಟ್ ಬೇರೆ, ರೀಸೆಟ್ ಬೇರೆ. ರೂಟರಿನ ಹಿಂದೆ ಸೂಜಿಮೊನೆ ಹಾಕಿ ಒತ್ತುವ ತೂತು ಇರುತ್ತದಲ್ಲ, ಅದನ್ನು ಮುಟ್ಟಲೇಬೇಡಿ. ನೆಟ್ ಕೊಡುವವರು ತುಂಬಿಸಿಟ್ಟ ಯೂಸರ್ ಹೆಸರು, ಪಾಸ್‌ವರ್ಡ್ ಎಲ್ಲ ಅಳಿಸಿಹೋಗಬಹುದು, ಆಮೇಲೆ ಅವರ ಆಳು ಬರುವವರೆಗೆ ನೆಟ್ಟೇ ಇಲ್ಲ. ಡಿಎನ್‌ಎಸ್ ಬದಲಿಸಿ ಎಂಬ ಸಲಹೆಯೂ ಎಲ್ಲ ಕಡೆ ಸಿಗುತ್ತದೆ. ಡಿಎನ್‌ಎಸ್ ಅಂದರೆ ವೆಬ್‌ಸೈಟಿನ ಹೆಸರಿನಿಂದ ಅದರ ವಿಳಾಸ ಹುಡುಕಿಕೊಡುವ ಡೈರೆಕ್ಟರಿ. ವಿಳಾಸ ಒಮ್ಮೆ ಸಿಕ್ಕ ಮೇಲೆ ಪರೀಕ್ಷೆಯ ನಡುವೆ ಅದಕ್ಕೆ ಹೆಚ್ಚು ಕೆಲಸವಿಲ್ಲ. ಈ ಕಾಯಿಲೆಗೆ ಅದು ಮದ್ದಲ್ಲ.

ಹಂತ 4: ಅಪ್‌ಲೋಡಿಗೆ ಬೇಲಿ ಹಾಕಿ

ಬ್ಯಾಕಪ್ ನಿಲ್ಲಿಸಿದರೆ ಸಾಕಾಯಿತಲ್ಲ ಅಂತೀರಿ. ಪರೀಕ್ಷೆಯ ಎರಡು ಗಂಟೆಗೆ ಸಾಕು. ಆದರೆ ಮನೆಯವರೆಲ್ಲ ನೆನಪಿಟ್ಟುಕೊಳ್ಳಬೇಕು, ಯಾರಾದರೂ ಒಬ್ಬರು ಮರೆತೇ ಮರೆಯುತ್ತಾರೆ. ಅದಕ್ಕಿಂತ ರೂಟರಿಗೇ ಹೇಳಿಡುವುದು ವಾಸಿ.

ಬ್ರೌಸರಿನಲ್ಲಿ ರೂಟರಿನ ವಿಳಾಸ ಟೈಪ್ ಮಾಡಿ ಒಳಗೆ ಹೋಗಿ. ಪಾಸ್‌ವರ್ಡ್ ಹೆಚ್ಚಾಗಿ ರೂಟರಿನ ತಳದ ಚೀಟಿಯಲ್ಲಿರುತ್ತದೆ. ಏನನ್ನಾದರೂ ಬದಲಿಸುವ ಮೊದಲು ಆ ಪುಟದ ಫೋಟೊ ತೆಗೆದುಕೊಳ್ಳಿ. ಎಡವಟ್ಟಾದರೆ ಹಿಂದಿನ ಹಾಗೆ ಮಾಡಲು ಅದೇ ದಾರಿ.

ಒಳಗೆ `SQM` ಎಂಬ ಆಯ್ಕೆ ಇದ್ದರೆ ನಿಮ್ಮ ಅದೃಷ್ಟ. ಅದು ಸಾಲನ್ನು ಚಿಕ್ಕದಾಗಿಟ್ಟು, ಎಲ್ಲರಿಗೂ ಸರದಿ ಕೊಡುವ ವಿಧಾನ. ಇದಕ್ಕೆ ಅಪ್‌ಲೋಡ್ ಎಷ್ಟು ಎಂದು ನೀವೇ ಅಂಕಿ ಕೊಡಬೇಕು. ಇಲ್ಲಿ ಎಲ್ಲರೂ ಮಾಡುವ ತಪ್ಪು ಪ್ಲಾನಿನಲ್ಲಿ ಬರೆದಿರುವ ಅಂಕಿಯನ್ನೇ ಹಾಕುವುದು. ಹಾಗೆ ಹಾಕಿದರೆ ಸಾಲು ಮತ್ತೆ ಮೋಡೆಮ್ಮಿನಲ್ಲೇ ನಿಲ್ಲುತ್ತದೆ, ಅಲ್ಲಿ ರೂಟರಿನ ಮಾತು ನಡೆಯುವುದಿಲ್ಲ. ಬೇರೆ ಬೇರೆ ಹೊತ್ತಿನಲ್ಲಿ ಅಳೆದು, ಬಂದದ್ದರಲ್ಲಿ ಕಮ್ಮಿಯದನ್ನು ಹಿಡಿದು, ಅದರ ನೂರಕ್ಕೆ 85ರಷ್ಟು ಹಾಕಿ. 4.2 ಇದ್ದರೆ 3.6. ಸ್ವಲ್ಪ ಸ್ಪೀಡ್ ಬಿಟ್ಟುಕೊಟ್ಟು ತಡವನ್ನು ಇಳಿಸಿಕೊಳ್ಳುವುದು ಇಲ್ಲಿನ ಲೆಕ್ಕ.

ನೆಟ್ ಕೊಡುವವರು ಕೊಟ್ಟ ರೂಟರುಗಳಲ್ಲಿ ಹೆಚ್ಚಾಗಿ ಇದು ಇರುವುದಿಲ್ಲ. `QoS` ಅಥವಾ `Bandwidth Control` ಎಂಬುದು ಇರಬಹುದು, ಅದರಲ್ಲಿ ಒಂದೊಂದು ಸಾಧನಕ್ಕೂ ಇಷ್ಟೇ ಎಂದು ಮಿತಿ ಹಾಕಬಹುದು. ಅವಳ ರೂಟರಿನಲ್ಲಿ ಇದ್ದದ್ದು ಇದೇ. ಅಪ್ಪನ ಫೋನಿನ ಅಪ್‌ಲೋಡಿಗೆ 1 ಎಂಬಿಪಿಎಸ್ ಎಂದು ಹಾಕಿದಳು. ಅಂಕಿ ಕೆಬಿಪಿಎಸ್‌ನಲ್ಲಿ ಕೇಳುತ್ತಿದೆಯಾ ನೋಡಿಕೊಳ್ಳಿ, 1 ಎಂಬಿಪಿಎಸ್ ಅಂದರೆ ಅಲ್ಲಿ 1000 ಎಂದು ಬರೆಯಬೇಕು. ಅವಳು ಮೊದಲು 1 ಎಂದೇ ಬರೆದು, ಅಪ್ಪನ ಫೋನಿನಲ್ಲಿ ಒಂದು ಮೆಸೇಜೂ ಹೋಗದೆ, ಮನೆಯಲ್ಲಿ ಸಣ್ಣ ಗದ್ದಲವಾಯಿತು.

ಮಿತಿ ಹಾಕಿದ ಮೇಲೆ ಪರೀಕ್ಷಿಸಲೇಬೇಕು. ಬ್ಯಾಕಪ್ ಬೇಕೆಂದೇ ಓಡಿಸಿ, ಈ ಕಡೆ `ping -t` ಹಚ್ಚಿ ನೋಡಿ. ಶುಕ್ರವಾರ ಸಂಜೆ ಅವಳಿಗೆ 26ರಿಂದ 40ರೊಳಗೆ ಬಂತು. ಹಿಂದಿನ ದಿನ ಇದೇ ಹೊತ್ತಿಗೆ, ಇದೇ ಬ್ಯಾಕಪ್ ಓಡುವಾಗ 900 ಇತ್ತು. ಟೈಪ್ ಮಾಡುವುದು ಇಷ್ಟವಿಲ್ಲದವರು `fast.com`ಗೆ ಹೋಗಿ ಹೆಚ್ಚಿನ ಮಾಹಿತಿ ಒತ್ತಿದರೆ `Unloaded`, `Loaded` ಎಂದು ಎರಡು ತಡಗಳು ಕಾಣುತ್ತವೆ. ಲೈನ್ ಖಾಲಿ ಇದ್ದಾಗಿನದು, ತುಂಬಿದಾಗಿನದು. ಎರಡರ ನಡುವೆ ಅಂತರ ಕಮ್ಮಿಯಾದಷ್ಟೂ ಒಳ್ಳೆಯದು.

ರೂಟರಿನಲ್ಲಿ ಯಾವ ಆಯ್ಕೆಯೂ ಇಲ್ಲವಾದರೆ ಬೇರೆ ದಾರಿಯಿಲ್ಲ, ಆ ಎರಡು ಗಂಟೆ ಬೇರೆಯವರ ಸಾಧನಗಳನ್ನು ವೈಫೈನಿಂದ ತೆಗೆಯಿರಿ. ವೈಫೈ ಪಾಸ್‌ವರ್ಡ್ ಬದಲಿಸಿದರೆ ಎಲ್ಲ ಒಟ್ಟಿಗೆ ಹೋಗುತ್ತವೆ, ನೀವು ವೈರಿನಲ್ಲಿರುವುದರಿಂದ ನಿಮಗೇನೂ ಆಗುವುದಿಲ್ಲ. ಮನೆಯವರಿಗೆ ಮೊದಲೇ ಹೇಳಿ ಮಾಡಿ.

ಹಂತ 5: ಹೊರಗಿನ ಲೈನೇ ಕೆಟ್ಟಿದ್ದರೆ

ವೈರ್ ಹಾಕಿದ್ದೀರಿ, ಮನೆಯಲ್ಲಿ ಬೇರೆ ಯಾವ ಸಾಧನವೂ ಇಲ್ಲ, ರೂಟರಿಗೆ ಪಿಂಗ್ ಚೆನ್ನಾಗಿದೆ. ಆದರೂ ಹೊರಗೆ ಚೀಟಿ ಕಳೆಯುತ್ತಿವೆ. ಆಗ ಮಾತ್ರ ತಪ್ಪು ನೆಟ್ ಕೊಡುವವರ ಕಡೆ. "ನೆಟ್ ಸ್ಲೋ ಇದೆ" ಎಂದು ದೂರು ಕೊಟ್ಟರೆ "ರೀಸ್ಟಾರ್ಟ್ ಮಾಡಿ" ಎಂದು ಫೋನ್ ಇಡುತ್ತಾರೆ. ಹಾಳೆಯಲ್ಲಿ ಬರೆದಿಟ್ಟದ್ದನ್ನು ಓದಿ. ವೈರಿನ ಮೇಲೆ ಅಳೆದದ್ದು, ರೂಟರಿಗೆ ಒಂದೂ ಕಳೆದಿಲ್ಲ, ಹೊರಗೆ ನೂರರಲ್ಲಿ ಇಷ್ಟು ಕಳೆದಿದೆ, ಇಂಥ ದಿನ ಇಷ್ಟು ಗಂಟೆಗೆ. ಹೀಗೆ ಹೇಳಿದರೆ ತಳ್ಳಿಹಾಕುವುದು ಕಷ್ಟ. ಫೈಬರ್ ಆಗಿದ್ದರೆ ಪೆಟ್ಟಿಗೆಯ `LOS` ದೀಪ ಕೆಂಪಗಾಗಿದೆಯಾ, ತೆಳ್ಳಗಿನ ವೈರು ಕುರ್ಚಿ ಕಾಲಿಗೆ ಸಿಕ್ಕಿ ಮಡಚಿದೆಯಾ ನೋಡಿ. ಅದರ ತುದಿ ಬಿಚ್ಚಿ ಒಳಗೆ ಇಣುಕಬೇಡಿ, ಕಣ್ಣಿಗೆ ಕಾಣದ ಲೇಸರ್ ಬೆಳಕು ಅದು.

ಹಂತ 6: ಎರಡನೇ ದಾರಿ ಇಟ್ಟುಕೊಳ್ಳಿ

ಎಲ್ಲ ಸರಿಮಾಡಿದ ಮೇಲೂ ಕರೆಂಟ್ ಹೋಗಬಹುದು, ಎಲ್ಲೋ ಲೈನ್ ತುಂಡಾಗಬಹುದು. ಅದಕ್ಕೆ ಫೋನಿನ ಡೇಟಾ. ಹಾಟ್‌ಸ್ಪಾಟ್ ಬದಲು ಯುಎಸ್‌ಬಿ ವೈರಿನಲ್ಲಿ ಜೋಡಿಸಿ. ಫೋನ್ ಚಾರ್ಜೂ ಆಗುತ್ತದೆ, ವೈಫೈ ಗಲಾಟೆಯೂ ಇಲ್ಲ. ಫೋನ್ ಸೆಟ್ಟಿಂಗ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಎಂದು ಇರುತ್ತದೆ. ಒಂದು ಎಂಬಿಪಿಎಸ್‌ನಲ್ಲಿ ಎರಡು ಗಂಟೆ ವಿಡಿಯೊ ಕಳಿಸಿದರೆ 900 ಎಂಬಿ ಆಗುತ್ತದೆ, ಒಂದೂವರೆ ಜಿಬಿ ಇಟ್ಟುಕೊಂಡರೆ ನಿಶ್ಚಿಂತೆ. ಆದರೆ ಫೋನಿನ ಡೇಟಾ ಸಿಕ್ಕ ಕೂಡಲೇ ವಿಂಡೋಸ್ ಅಪ್‌ಡೇಟ್ ಇಳಿಸಲು ಶುರು ಮಾಡಿದರೆ ಅಷ್ಟೂ ಹೋಗುತ್ತದೆ. ಆ ಸಂಪರ್ಕದ ಸೆಟ್ಟಿಂಗ್‌ನಲ್ಲಿ `Metered connection` ಆನ್ ಮಾಡಿಡಿ.

ಮೂರು ವಿಷಯ ಮೊದಲೇ ತಿಳಿದುಕೊಳ್ಳಿ. ಪರೀಕ್ಷೆ ನಡುವೆ ಸಂಪರ್ಕ ಬದಲಾದರೆ ನಿಮ್ಮ ಐಪಿ ವಿಳಾಸವೂ ಬದಲಾಗುತ್ತದೆ, ಕೆಲವು ಪರೀಕ್ಷಾ ತಂತ್ರಾಂಶಗಳು ಆಗ ಹೊರಗೆ ಹಾಕುತ್ತವೆ. ಮತ್ತೆ ಲಾಗಿನ್ ಆಗಬಹುದಾ, ಸಮಯ ಉಳಿಯುತ್ತದಾ ಎಂದು ನಿಯಮ ಓದಿ. ಕೋಣೆಯಲ್ಲಿ ಫೋನ್ ಇರಬಾರದು ಎಂಬ ನಿಯಮ ಇದ್ದರೆ ಈ ಏರ್ಪಾಟಿಗೆ ಮೊದಲೇ ಒಪ್ಪಿಗೆ ಕೇಳಿ. ಕೆಲವು ಕಡೆ ಕರೆ ಬಂದರೆ ಡೇಟಾ ನಿಲ್ಲುತ್ತದೆ, ಆ ಸಿಮ್ಮಿಗೆ ಯಾರೂ ಕರೆ ಮಾಡದ ಹಾಗೆ ನೋಡಿಕೊಳ್ಳಿ.

ರೂಟರಿಗೆ ಚಿಕ್ಕ ಯುಪಿಎಸ್ ಹಾಕುವುದಾದರೆ ಅಡಾಪ್ಟರ್ ಮೇಲೆ ಬರೆದಿರುವ ವೋಲ್ಟ್ ಎಷ್ಟೋ ಅಷ್ಟೇ ಇರುವುದನ್ನು ತನ್ನಿ. 9 ವೋಲ್ಟಿನ ರೂಟರಿಗೆ 12 ವೋಲ್ಟ್ ಕೊಟ್ಟು ಸುಟ್ಟವರನ್ನು ನೋಡಿದ್ದೇನೆ.

ಹಂತ 7: ಅದೇ ಹೊತ್ತಿಗೆ ಒಂದು ರಿಹರ್ಸಲ್

ಶನಿವಾರ ಸಂಜೆ ಆರೂವರೆಗೆ ಅವಳು ವೈರ್ ಹಾಕಿ, ಕ್ಯಾಮೆರಾ ಆನ್ ಮಾಡಿ, ಅಣಕು ಪರೀಕ್ಷೆಗೆ ಮತ್ತೆ ಕೂತಳು. ಟಿವಿ ಓಡುತ್ತಿತ್ತು, ತಮ್ಮ ಆಟ ಆಡುತ್ತಿದ್ದ, ಅಪ್ಪನ ಫೋನು ಮೂಲೆಯಲ್ಲಿ ಚಾರ್ಜಿಗಿತ್ತು. ಎಲ್ಲರನ್ನೂ ಸುಮ್ಮನಿರಿಸಿ ರಿಹರ್ಸಲ್ ಮಾಡಿದರೆ ಬೇಲಿ ಗಟ್ಟಿಯಿದೆಯಾ ಎಂದು ಗೊತ್ತಾಗುವುದಿಲ್ಲ. ನಡುವೆ ಬೇಕೆಂದೇ ವೈರ್ ಕಿತ್ತು ಫೋನಿಗೆ ಬದಲಾಗಿ ನೋಡಿದಳು. ಒಂದು ನಿಮಿಷದೊಳಗೆ ಮತ್ತೆ ಲಾಗಿನ್ ಆಯಿತು, ಬರೆದ ಉತ್ತರ ಹಾಗೇ ಇತ್ತು. ರಿಹರ್ಸಲ್ ಆದ ಮೇಲೆ ಏನನ್ನೂ ಮುಟ್ಟಬೇಡಿ. ರೂಟರ್ ಅಪ್‌ಡೇಟ್ ಬಂದಿದೆ ಎಂದರೂ ಪರೀಕ್ಷೆ ಮುಗಿಯಲಿ.

ಭಾನುವಾರ ತಮ್ಮ ಇನ್ನೊಂದು ಹಳೇ ಲ್ಯಾಪ್‌ಟಾಪನ್ನು ರೂಟರಿನ ಪಕ್ಕ ವೈರಿನಲ್ಲಿ ಜೋಡಿಸಿ `ping -t` ಹಚ್ಚಿಟ್ಟು ಕಾವಲು ಕೂತಿದ್ದನಂತೆ, ಗುರುವಾರದ ಜಗಳಕ್ಕೆ ರಾಜಿ. ಪರೀಕ್ಷೆ ಮುಗಿದ ಮೇಲೆ ಅದರ ಫೋಟೊ ನನಗೆ ಬಂತು: `Sent = 7314, Lost = 2`. ಕೆಳಗೆ ಭಾವನ ಒಂದು ಮೆಸೇಜು, ವಿಡಿಯೊ ಇನ್ನೂ ಹೋಗಿಲ್ಲ, ಮಿತಿ ಯಾವಾಗ ತೆಗೆಯುತ್ತಾಳೆ ಕೇಳು ಎಂದು. ಆ ರಾತ್ರಿ ಮಿತಿ ತೆಗೆದು, ರೂಟರ್ ಆಫ್ ಮಾಡದೆ ಮಲಗಿದರು. ಬೆಳಿಗ್ಗೆ ಹೊತ್ತಿಗೆ ಬ್ಯಾಕಪ್ ಮುಗಿದಿತ್ತು.